ಬೋರಕ್ಕನ ಮೈಗೆ ಹಚ್ಚಿದ ಗಂಧಕ

ಬೋರಕ್ಕ ನನಗೆ ವಾರಗಿತ್ತಿ. ನಮ್ಮ ಯಜಮಾನರ ಅಣ್ಣ ಕೆಂಪಯ್ಯನವರ ಹೆಂಡತಿ. ಪೂರ್ತಿ ಹೆಸರು ಚಿಕ್ಕಬೋರಮ್ಮ, ತವರು ಮಳವಳ್ಳಿ ಕಡೆಯ ಪೂರಿಗಾಲಿ. ನಾನು ಆತಗೂರಿನ ಪಕ್ಕದ ಹಳ್ಳಿಯ ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನಾರು ತುಂಬಿತ್ತು, ಅವಳಿಗೆ ಇಪ್ಪತ್ತಮೂರೋ ನಾಲ್ಕೋ. ಉದ್ದನೆ ಹೆಂಗಸು. ಮಾತು ಕಡಿಮೆ. ರಾಗಿ ಬೀಸುವಾಗ ಮಾತ್ರ ಗಂಟಲಲ್ಲೇ ಏನೋ ಗುನುಗುತ್ತಿದ್ದಳು, ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದಳು.

ಅವಳಿಗೆ ಹುಟ್ಟಿದಾಗಿನಿಂದ ಇಸುಬು. ಮೊಣಕೈ ಮಡಿಚುವ ಕಡೆ, ಮಂಡಿಯ ಹಿಂದೆ, ಕತ್ತಿನ ಸುತ್ತ ಚರ್ಮ ದಪ್ಪಗೆ ಕಪ್ಪಗೆ ಆಗಿ, ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಗೆರೆಗೆರೆ ಬಿದ್ದಿತ್ತು. ಚಳಿ ಬಂದರೆ ಅದು ಬಿರಿಯುತ್ತಿತ್ತು, ಬೇಸಗೆಯಲ್ಲಿ ಬೆವರು ಇಳಿದರೆ ಉರಿಯುತ್ತಿತ್ತು. ಹಗಲು ರಾತ್ರಿ ಅನ್ನದೆ ಯಾವ ಹೊತ್ತಿಗೆ ಬೇಕಾದರೂ ತುರಿಸುತ್ತಿತ್ತು. ಅವಳು ಸೆರಗಿನೊಳಗೆ ಕೈ ಹಾಕಿ, ಯಾರಿಗೂ ಕಾಣದ ಹಾಗೆ ಅಂಗೈಯಲ್ಲಿ ಒತ್ತಿಕೊಳ್ಳುತ್ತಿದ್ದಳು. ಅವಳನ್ನು ಮದುವೆಯಾಗಿ ಆರು ವರ್ಷ ಒಂದೇ ಮನೆಯಲ್ಲಿದ್ದ ಗಂಡನಿಗೆ ಅದು ಹತ್ತಿರಲಿಲ್ಲ, ಹೆತ್ತ ಮಗನಿಗೆ ಹತ್ತಿರಲಿಲ್ಲ. ಆ ಮಾತು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕಾಗಿತ್ತು.

ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಏರಿಸಿದ ನಾಲ್ಕು ವರ್ಷಕ್ಕೆ ಮತ್ತೆ ಸ್ವಾತಂತ್ರ್ಯದ ಚಳವಳಿ ಎದ್ದಿತು. ನಮ್ಮ ಯಜಮಾನರು ಹೊನ್ನಯ್ಯನವರು ಬೇರೆ ಹುಡುಗರ ಜೊತೆ ಹೋಗಿ ಜೈಲು ಸೇರಿದರು. ನನಗೆ ಆ ಮನೆ ಇನ್ನೂ ಹೊಸದು. ಪಕ್ಕದ ಕೋಣೆಯಲ್ಲಿ ಒಬ್ಬಳೇ ಮಲಗಿ ಅಳುತ್ತಿದ್ದುದು ಬೋರಕ್ಕನಿಗೆ ಕೇಳಿಸಿರಬೇಕು. ಒಂದು ರಾತ್ರಿ ನಿದ್ದೆಹೋಗಿದ್ದ ಮಗುವನ್ನು ಎತ್ತಿಕೊಂಡು ಬಂದಳು.

"ಒಬ್ಬಳೇ ಮನೀಕಬ್ಯಾಡ ಕಣಮ್ಮಿ. ಇವನ್ನ ಮಗ್ಗುಲಿಗಾಕ್ಕೊ. ಒದೀತಾನೆ, ಬೈಬ್ಯಾಡ."

ಪುಟ್ಟರಾಜನಿಗೆ ಆಗ ಎರಡು ವರ್ಷ. ಎದೆಹಾಲು ಬಿಡಿಸಿ ಸ್ವಲ್ಪ ದಿನವಾಗಿತ್ತು. ಅವತ್ತಿನಿಂದ ಅವನು ನನ್ನ ಕಂಬಳಿಯೊಳಗೆ ಮಲಗುವುದು ರೂಢಿಯಾಯಿತು. ಬೋರಕ್ಕ ತನ್ನ ಹರಕು ಚಾಪೆ ಹಾಸಿಕೊಂಡು ಅಡುಗೆ ಮನೆಯ ಬಾಗಿಲ ಬಳಿ ಮಲಗುತ್ತಿದ್ದಳು.

ಕಾರ್ತಿಕದಲ್ಲಿ ನಮ್ಮವರು ಬಿಡುಗಡೆಯಾಗಿ ಬಂದರು. ಎಲುಬು ಎಣಿಸುವ ಹಾಗಾಗಿದ್ದರು. ನಮ್ಮ ಅತ್ತೆ ಪಟ್ಟಲಮ್ಮನವರು ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಿದರು. ಹದಿನೈದು ದಿನ ಊರಿನವರು ಜಗುಲಿಯ ಮೇಲೆ ಕೂತು ಅವರ ಮಾತು ಕೇಳಿದರು. ಮಗು ಅವರ ತೊಡೆಯ ಮೇಲೇ ಇರುತ್ತಿತ್ತು, ರಾತ್ರಿ ನಮ್ಮಿಬ್ಬರ ನಡುವೆ. ಯುದ್ಧದ ಕಾಲ, ಅಂಗಡಿಯಲ್ಲಿ ಬಟ್ಟೆ ಸಿಗುತ್ತಿರಲಿಲ್ಲ. ಅವರು ಜೈಲಿನಲ್ಲಿ ಹೊದ್ದಿದ್ದ ಕಂಬಳಿಯನ್ನೇ ಮೂವರೂ ಹೊದೆಯುತ್ತಿದ್ದೆವು.

ಬಂದ ಮೊದಲ ರಾತ್ರಿಯೇ ಅವರು ಬೆರಳ ಸಂದಿಯನ್ನು ಪರಪರ ಕೆರೆದುಕೊಳ್ಳುತ್ತಿದ್ದರು. ಏನೆಂದು ಕೇಳಿದೆ.

"ಜೈಲ್ನೀರು ಒಗ್ಗನಿಲ್ಲ ಕಣಮ್ಮಿ. ಅಲ್ಲಿ ಎಲ್ರೂ ಕೆರ್ಕತಿದ್ರು. ಮನೀಕೊ."

ನಾನು ಮಲಗಿದೆ. ಆ ಮಾತನ್ನು ಮರೆಯಲಿಲ್ಲ, ಆದರೆ ಅದರ ಬಗ್ಗೆ ಯೋಚನೆಯನ್ನೂ ಮಾಡಲಿಲ್ಲ.

ಒಂದು ತಿಂಗಳು ಏನೂ ಇರಲಿಲ್ಲ. ಧನುರ್ಮಾಸದ ಚಳಿಯಲ್ಲಿ ನನಗೆ ಶುರುವಾಯಿತು. ಬೆರಳುಗಳ ಸಂದಿ, ಮಣಿಕಟ್ಟು, ಸೀರೆ ಗಂಟು ಕೂರುವ ಸೊಂಟ, ಕಂಕುಳು, ಎದೆಯ ತೊಟ್ಟಿನ ಸುತ್ತ ಸಣ್ಣ ಸಣ್ಣ ಗುಳ್ಳೆ. ಮುಖಕ್ಕೆ ಮಾತ್ರ ಬರಲಿಲ್ಲ. ಹಗಲು ಗದ್ದೆಯಲ್ಲಿದ್ದರೆ ನೆನಪಿಗೂ ಬಾರದು. ರಾತ್ರಿ ಕಂಬಳಿ ಹೊದ್ದು ಮೈ ಬೆಚ್ಚಗಾಗುತ್ತಿದ್ದ ಹಾಗೆಯೇ ಚರ್ಮದೊಳಗೆ ಯಾರೋ ಎದ್ದು ಓಡಾಡಿದ ಹಾಗೆ. ಕೆರೆದರೆ ಹಿತ, ಬಿಟ್ಟರೆ ಎರಡರಷ್ಟು. ಮಗುವೂ ನಿದ್ದೆಯಲ್ಲಿ ಕಾಲು ಕಾಲು ಉಜ್ಜಿ ಅಳುತ್ತಿತ್ತು. ಅದಕ್ಕೆ ಅಂಗಾಲಿಗೂ ಅಂಗೈಗೂ ಗುಳ್ಳೆ ಎದ್ದಿತ್ತು. ಅಳು ತಡೆಯದೆ ಅತ್ತೆ ಅದನ್ನು ತಮ್ಮ ಹಾಸಿಗೆಗೆ ಹಾಕಿಕೊಂಡರು. ಇನ್ನೊಂದು ದಿನ ಭಾವ ಕೆಂಪಯ್ಯನವರು ಹಾಕಿಕೊಂಡರು. ಸಂಕ್ರಾಂತಿ ಹೊತ್ತಿಗೆ ದೀಪ ಆರಿಸಿದ ಮೇಲೆ ನಮ್ಮ ಮನೆಯಲ್ಲಿ ನಾಲ್ಕು ಮೂಲೆಯಿಂದಲೂ ಒಂದೇ ಸದ್ದು ಕೇಳುತ್ತಿತ್ತು. ಒಬ್ಬರು ಕೆರೆಯುವುದನ್ನು ಇನ್ನೊಬ್ಬರು ಕೇಳಿ, ಕೇಳದವರ ಹಾಗೆ ಮಲಗಿರುತ್ತಿದ್ದೆವು.

ಬೋರಕ್ಕನ ಇಸುಬು ಉಲ್ಬಣಿಸಿದ್ದೂ ಅದೇ ಚಳಿಯಲ್ಲಿ. ಪ್ರತಿವರ್ಷವೂ ಉಲ್ಬಣಿಸುತ್ತಿತ್ತು. ಆ ವರ್ಷ ಎಲ್ಲರೂ ಅದನ್ನು ಬೇರೆ ಕಣ್ಣಿನಿಂದ ನೋಡಿದರು.

ಎಳ್ಳು ಬೆಲ್ಲ ಬೀರಿದ ಮಾರನೆಯ ಬೆಳಗ್ಗೆ ಅತ್ತೆ ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತರು. ಬೋರಕ್ಕ ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದಳು.

"ಲೇ ಬೋರಿ, ಕೋಲು ಕೆಳಗಿಕ್ಕು."

"ಹಿಟ್ಟು ಗಂಟಾಯ್ತದೆ ಅತ್ತೆ."

"ಗಂಟಾಗ್ಲಿ. ನಿನ್ ಕೈಯಿಂದ ಮುದ್ದೆ ತಿಂದು ತಿಂದು ಮನೆಯೋರೆಲ್ಲ ಕೋತಿಗಳಂಗೆ ಕೆರ್ಕತಾವ್ರೆ. ಮಗೀಗೂ ಅಂಟಿಸ್ಬುಟ್ಟೆ. ಇನ್ ಸಾಕು, ಆಚ್ಗೋಗು."

ಬೋರಕ್ಕ ಕೋಲನ್ನು ಒರೆಸಿ ಗೋಡೆಗೆ ಒರಗಿಸಿದಳು. ನನ್ನ ಕಡೆ ನೋಡಿದಳು. ನಾನು ಹೋಗಿ ಆ ಕೋಲು ತೆಗೆದುಕೊಂಡೆ.

ಅವಳಿಗೆ ಕೊಟ್ಟಿಗೆಯ ಪಕ್ಕ, ಹುಲ್ಲು ಒಟ್ಟುತ್ತಿದ್ದ ಜಾಗದಲ್ಲಿ ಇರಲು ಹೇಳಿದರು. ಊಟಕ್ಕೆ ಬೇರೆ ಗಂಗಳ, ನೀರಿಗೆ ಬೇರೆ ಚೆಂಬು. ನಾನೇ ತೆಗೆದುಕೊಂಡು ಹೋಗಿ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಅತ್ತೆ ಮದ್ದೂರು ಸಂತೆಯಿಂದ ಗಂಧಕ ತರಿಸಿ, ಪುಡಿ ಮಾಡಿ, ಹೊಂಗೆ ಎಣ್ಣೆಯಲ್ಲಿ ಕಲಸಿ ಮಡಕೆ ತುಂಬ ಮಾಡಿದರು. ಕಜ್ಜಿಗೆ ಗಂಧಕ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ದಿನಾ ಬೆಳಗ್ಗೆ ಬೋರಕ್ಕ ಅದನ್ನು ಕತ್ತಿನಿಂದ ಕಾಲಿನವರೆಗೆ ಬಳಿದುಕೊಳ್ಳಬೇಕು, ಸಂಜೆ ಸೀಗೆಪುಡಿ ಹಾಕಿ ಉಜ್ಜಿ ಸ್ನಾನ ಮಾಡಬೇಕು. ನಮಗೆಲ್ಲ ಅದರಲ್ಲಿ ಬೆರಳ ತುದಿಯಷ್ಟು, ತುರಿಸುವ ಕಡೆಗೆ ಮಾತ್ರ, ಅದೂ ನೆನಪಾದ ದಿನ. ರೋಗ ಅವಳದು, ನಮ್ಮದು ಬರೀ ತಗುಲಿದ್ದು ಎಂದು ಲೆಕ್ಕ.

ಎಂಟು ದಿನಕ್ಕೆ ಅವಳ ಮೊಣಕೈ ಮಡಿಕೆ ಕೆಂಪಗಾಯಿತು. ಹದಿನೈದು ದಿನಕ್ಕೆ ಒಡೆದು ನೀರು ಸುರಿಯತೊಡಗಿತು. ಕತ್ತಿನ ಸುತ್ತ ಚರ್ಮ ಹಸಿಯಾಗಿ ಸೀರೆಯ ಅಂಚು ಅಂಟಿಕೊಳ್ಳುತ್ತಿತ್ತು. ಅತ್ತೆ ಅದನ್ನು ನೋಡಿ ಹೇಳಿದರು: "ನೋಡ್ದಾ, ಒಳಗಿದ್ದ ನಂಜು ಈಚ್ಗೆ ಬತ್ತಾ ಅದೆ. ಇನ್ನಷ್ಟು ಹಚ್ಕೊ."

ಅವಳು ಹಚ್ಚಿಕೊಂಡಳು. ಬೇಡ ಅನ್ನಲಿಲ್ಲ. ಹಚ್ಚಿಕೊಂಡರೆ ಬೇಗ ವಾಸಿಯಾಗಿ ಮಗುವನ್ನು ಎತ್ತಿಕೊಳ್ಳಬಹುದು ಎಂಬ ಆಸೆ. ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಪುಟ್ಟರಾಜ ಸುತ್ತಮುತ್ತ ಆಡುತ್ತಿದ್ದ. ಅವಳು ಕೊಟ್ಟಿಗೆಯ ಗೂಟ ಹಿಡಿದು ನಿಂತು ನೋಡುತ್ತಿದ್ದಳು. ಮೊದಮೊದಲು ಅವನು ಅತ್ತ ಓಡುತ್ತಿದ್ದ. ಅವಳೇ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು "ಬರ್ಬ್ಯಾಡ ಕಂದ, ಓಗು, ಚಿಕ್ಕವ್ವನ್ತಾವ್ಕೋಗು" ಅನ್ನುತ್ತಿದ್ದಳು. ಆಮೇಲಾಮೇಲೆ ಆ ಗಂಧಕದ ನಾತಕ್ಕೆ ಅವನೇ ಮೂಗು ಹಿಡಿದುಕೊಂಡು ಹಿಂದಕ್ಕೆ ಬರುತ್ತಿದ್ದ. ಶಿವರಾತ್ರಿ ಹೊತ್ತಿಗೆ ಅವನು ನನ್ನನ್ನು ಅವ್ವ ಎಂದು ಕರೆಯಲು ಶುರುಮಾಡಿದ. ಅವಳಿಗೆ ಕೇಳುವಷ್ಟು ಹತ್ತಿರದಲ್ಲೇ ಕರೆದ. ನಾನು ತಿದ್ದಲಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ನನ್ನ ಮಡಿಲು ತುಂಬಿರಲಿಲ್ಲ. ಆ ಶಬ್ದ ಕೇಳಲು ನನಗೆ ಹಿತವಾಗಿತ್ತು.

ಅವಳನ್ನು ಬೇರೆ ಇಟ್ಟು ಒಂದೂವರೆ ತಿಂಗಳಾದರೂ ನಮ್ಮ ತುರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅದಕ್ಕೂ ಅತ್ತೆಯ ಹತ್ತಿರ ಉತ್ತರವಿತ್ತು. ಅವಳು ಮನೆಯ ಎಲ್ಲೆಯಲ್ಲೇ ಇದ್ದಾಳೆ, ಗಾಳಿ ಬೀಸುತ್ತದೆ. ಶಿವರಾತ್ರಿ ಕಳೆದ ಮೇಲೆ ಅವರು ತೀರ್ಮಾನ ಹೇಳಿದರು. ಯುಗಾದಿ ಮುಗಿದ ಮಾರನೆಯ ದಿನ ಅವಳನ್ನು ಪೂರಿಗಾಲಿಗೆ ಕಳಿಸಿಬಿಡುವುದು. ಮಗು ಇಲ್ಲೇ. ಭಾವನಿಗೆ ಅತ್ತೆಯ ತಮ್ಮನ ಮಗಳನ್ನು ಕೇಳುವುದು.

ಭಾವ ಊಟದ ಗಂಗಳ ನೋಡುತ್ತಾ ಕೂತಿದ್ದರು. ನಾನು ಆ ರಾತ್ರಿ ಮಗುವಿನ ತಲೆ ಸವರುತ್ತಾ ಲೆಕ್ಕ ಹಾಕಿದೆ. ಹೊಸ ಹೆಂಡತಿ ಬಂದರೂ ಇವನು ನನ್ನ ಮಗ್ಗುಲಲ್ಲೇ ಮಲಗುತ್ತಾನೆ. ಹೊನ್ನಯ್ಯನವರು ಅಲ್ಲೇ ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿ ಮಣಿಕಟ್ಟು ಕೆರೆದುಕೊಳ್ಳುತ್ತಿದ್ದರು. ಅಲ್ಲಿ ಎಲ್ಲರೂ ಕೆರೆದುಕೊಳ್ಳುತ್ತಿದ್ದರು ಎಂದು ಅವರು ಹೇಳಿದ್ದು ನೆನಪಾಯಿತು. ಅವತ್ತು ಮೊದಲ ಸಲ ಅದರ ಅರ್ಥ ಆಯಿತು. ಬಾಯಿ ಬಿಡಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಮಗುವಿನ ಕೈಗಳೆರಡೂ ಕೀವು ತುಂಬಿ ಊದಿಕೊಂಡವು. ಕೆರೆದ ಗಾಯಗಳೆಲ್ಲ ಹಳದಿ ಹಕ್ಕಳೆಗಟ್ಟಿದವು. ಜ್ವರ ಬಂತು. ಭಾವ ಯಾರನ್ನೂ ಕೇಳದೆ ಗಾಡಿ ಕಟ್ಟಿದರು. ನಾನು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಊರು ದಾಟಿದ ಮೇಲೆ ಹಿಂತಿರುಗಿ ನೋಡಿದರೆ ಬೋರಕ್ಕ ಗಾಡಿಯ ಹಿಂದೆ ನಡೆದು ಬರುತ್ತಿದ್ದಳು, ಇಪ್ಪತ್ತು ಮಾರು ದೂರದಲ್ಲಿ. ಗಾಡಿ ನಿಧಾನ ಮಾಡಿದರೆ ಅವಳೂ ನಿಧಾನ. ಬಿಸಿಲೇರುವವರೆಗೂ ಹಾಗೇ ಬಂದಳು. ಒಂದು ಹೊಂಗೆಮರದ ಕೆಳಗೆ ಭಾವ ಎತ್ತು ನಿಲ್ಲಿಸಿದರು. ಮುಂದಕ್ಕೇ ನೋಡುತ್ತಾ, "ಅತ್ಕೊ" ಅಂದರು.

ಅವಳು ಗಾಡಿಯ ಹಿಂಬದಿಯಲ್ಲಿ, ಕಾಲು ಇಳಿಬಿಟ್ಟು, ನಮ್ಮ ಕಡೆಗೆ ಬೆನ್ನು ಮಾಡಿ ಕೂತಳು. ಮಗು ಅತ್ತಾಗಲೆಲ್ಲ ಅವಳ ಬೆನ್ನು ಬಿಗಿಯುತ್ತಿತ್ತು.

ಮದ್ದೂರಿನ ಆಸ್ಪತ್ರೆಯ ಡಾಕ್ಟರು ಮೈಸೂರು ಕಡೆಯವರು, ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಮಗುವಿನ ಕೈ ಬಿಡಿಸಿ, ಅಂಗಾಲು ನೋಡಿ, ಸೊಂಟ ನೋಡಿ, ಹೊಕ್ಕುಳ ಸುತ್ತ ನೋಡಿ ಕೇಳಿದರು.

"ರಾತ್ರಿ ಯಾರ ಜೊತೆ ಮಲಗುತ್ತೆ ಮಗು?"

"ನನ್ ಜೊತೆ ಬುದ್ಧಿ," ಅಂದೆ.

"ನಿಮಗೆ ತುರಿಕೆ ಇದೆಯೋ?"

"ಮನೆಯೋರ್ಗೆಲ್ಲ ಅದೆ. ಅಗೋ ಅವ್ರಿಂದ ಬಂದದ್ದು," ಎಂದು ಬಾಗಿಲಾಚೆ ನಿಂತಿದ್ದ ಬೋರಕ್ಕನನ್ನು ತೋರಿಸಿದೆ. ಆ ಬೆರಳು ತೋರಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಡಾಕ್ಟರು ಅವಳನ್ನು ಕರೆದರು. ಅವಳು ಹೊಸ್ತಿಲು ದಾಟಲಿಲ್ಲ. ಅವರೇ ಎದ್ದು ಹೋದರು. ಮೊಣಕೈ ನೋಡಿದರು, ಕತ್ತು ನೋಡಿದರು. ನಾತ ಮೂಗಿಗೆ ಬಡಿದಿರಬೇಕು.

"ಇದೇನು, ಗಂಧಕ ಹಚ್ಚಿದ್ದೀರಾ? ಎಷ್ಟು ದಿನದಿಂದ?"

"ಸಂಕ್ರಾಂತಿಯಿಂದ."

"ಯಾರು ಹೇಳಿದ್ದು?"

ಅವಳು ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡಳು. ಡಾಕ್ಟರು ಅವಳ ಕೈ ಹಿಡಿದು ಒಂದೊಂದೇ ಬೆರಳನ್ನು ಅಗಲಿಸಿ ಸಂದಿ ನೋಡಿದರು. ಎರಡು ತಿಂಗಳಿಂದ ಅವಳ ಕೈಯನ್ನು ಯಾರೂ ಮುಟ್ಟಿರಲಿಲ್ಲ.

"ಚಿಕ್ಕಂದಿನಿಂದ ಇದೆಯೋ ಇದು?"

"ಉಟ್ದಾಗ್ನಿಂದ."

"ನಿಮ್ಮ ತಾಯಿಗೋ ತಂದೆಗೋ ಉಬ್ಬಸ ಇತ್ತೇ?"

"ನಮ್ಮವ್ವುಂಗಿತ್ತು. ಅದ್ರಲ್ಲೇ ಸತ್ತೋದ್ಲು."

ಡಾಕ್ಟರು ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಎಲ್ಲಿ, ನಿಮ್ಮ ಕೈ ಕೊಡಿ."

ನನ್ನ ಮಣಿಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಜಿನ ಮೇಲಿದ್ದ ಪೆನ್ನಿನಿಂದ ಶಾಯಿ ತೊಟ್ಟಿಕ್ಕಿಸಿ ಹೆಬ್ಬೆರಳಲ್ಲಿ ಉಜ್ಜಿದರು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಬಿಟ್ಟರು. ಮೇಲಿನ ಶಾಯಿ ಹೋಯಿತು. ಆದರೆ ಚರ್ಮದಲ್ಲಿ ಒಂದು ಗೆರೆ ಉಳಿಯಿತು. ದಾರದ ಚೂರಿನಷ್ಟು, ಅರ್ಧ ಉಗುರಿನುದ್ದ, ಸೊಟ್ಟಸೊಟ್ಟಗೆ. ಒರೆಸಿದಷ್ಟೂ ಅದು ಹೋಗಲಿಲ್ಲ.

"ಯಜಮಾನರೆ, ಇಲ್ಲಿ ಬನ್ನಿ," ಎಂದು ಭಾವನನ್ನು ಕರೆದರು. "ಇದು ಬಿಲ. ಒಳಗೆ ಹುಳ ಕೊರೆದುಕೊಂಡು ಹೋಗಿರೋ ದಾರಿ. ಶಾಯಿ ಒಳಕ್ಕೆ ಇಳಿದಿದೆ, ಅದಕ್ಕೇ ಕಾಣ್ತಿದೆ. ಕೊನೇಲಿ ಒಂದು ಚುಕ್ಕಿ ಇದೆ ನೋಡಿ, ಅಲ್ಲೇ ಕೂತಿದೆ ಹೆಣ್ಣುಹುಳ. ಮೊಟ್ಟೆ ಇಡ್ತಾ ಮುಂದೆ ಹೋಗುತ್ತೆ."

ಸೂಜಿ ತೆಗೆದುಕೊಂಡು ಆ ಚುಕ್ಕಿಯ ಹತ್ತಿರ ಮೆಲ್ಲಗೆ ಬಿಡಿಸಿದರು. ನೋವಾಗಲಿಲ್ಲ. ಸೂಜಿಯ ಮೊನೆಗೆ ಏನೋ ಹತ್ತಿತು, ಗಸಗಸೆ ಕಾಳಿಗಿಂತ ಚಿಕ್ಕದು, ಬಿಳಿ. ಅದನ್ನು ಕಪ್ಪು ಕಾಗದದ ಮೇಲೆ ಇಟ್ಟು ಭೂತಗನ್ನಡಿ ಕೊಟ್ಟರು. ಭಾವ ನೋಡಿದರು, ನಾನು ನೋಡಿದೆ. ಅದು ನಡೆಯುತ್ತಿತ್ತು.

ಭಾವ ಬಹಳ ಹೊತ್ತು ಕನ್ನಡಿ ಕೆಳಗಿಡಲಿಲ್ಲ.

"ಇದು ಕಜ್ಜಿ," ಅಂದರು ಡಾಕ್ಟರು. "ಮೈಗೆ ಮೈ ತಾಗಿ ಮಲಗಿದರೆ, ಒಂದೇ ಕಂಬಳಿ ಹೊದ್ದರೆ ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ. ಬೆರಳ ಸಂದಿ, ಮಣಿಕಟ್ಟು, ಸೊಂಟ, ಇವು ಅದರ ಜಾಗ. ರಾತ್ರಿ ಬೆಚ್ಚಗಾದರೆ ತಡೆಯೋಕಾಗಲ್ಲ. ಆಕೆಯದು ಇದಲ್ಲ. ಆಕೆಯದು ಇಸುಬು, ಉಬ್ಬಸ ಇರೋ ವಂಶದಲ್ಲಿ ಹುಟ್ಟಿನಿಂದಲೇ ಬರೋದು. ಮೈ ಮಡಿಚೋ ಕಡೆ ಬರುತ್ತೆ, ಒಣಗುತ್ತೆ, ದಪ್ಪಗಾಗುತ್ತೆ. ಅದರಲ್ಲಿ ಹುಳ ಇಲ್ಲ, ಬಿಲ ಇಲ್ಲ. ನೀವು ಆಕೆ ಜೊತೆ ನೂರು ವರ್ಷ ಮಲಗಿದರೂ ಅದು ನಿಮಗೆ ಬರೋಲ್ಲ. ನಿಮಗೆ ಹಚ್ಚಬೇಕಾದ ಗಂಧಕಾನ ಆಕೆಗೆ ಹಚ್ಚಿದ್ದೀರಿ. ಇಸುಬಿಗೆ ಗಂಧಕ ಬೆಂಕಿ ಇದ್ದ ಹಾಗೆ. ನೋಡಿ ಹೇಗೆ ಬೆಂದುಹೋಗಿದೆ. ಒಂದು ಮಾತು ಹೇಳ್ತೀನಿ, ನಿಮ್ಮ ಮನೇಲಿ ಕಜ್ಜಿ ಇಲ್ಲದೋರು ಅಂತ ಇದ್ದರೆ ಆಕೆ ಒಬ್ಬಳೇ."

ಬೋರಕ್ಕ ಬಾಗಿಲಲ್ಲೇ ಇದ್ದಳು. ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ ಮಗುವಿನ ಕಡೆ ನೋಡುತ್ತಿದ್ದಳು.

"ಮೊದಲ ಸಲ ಹತ್ತಿದರೆ ತುರಿಕೆ ಏಳೋಕೆ ಒಂದು ತಿಂಗಳು, ಒಂದೂವರೆ ತಿಂಗಳು ಬೇಕು," ಎಂದು ಡಾಕ್ಟರು ಮತ್ತೆ ಕೇಳಿದರು. "ಕಾರ್ತಿಕದ ಹೊತ್ತಿಗೆ ಯಾರಾದರೂ ಹೊರಗಿನಿಂದ ಬಂದು ನಿಮ್ಮನೇಲಿ ಮಲಗಿದ್ದರೇ?"

ಭಾವ ಬಾಯಿ ತೆರೆದು ಮುಚ್ಚಿದರು. ನಾನು ನೆಲ ನೋಡಿದೆ. ಬೋರಕ್ಕ ನನ್ನನ್ನು ನೋಡುತ್ತಿದ್ದಾಳೆ ಎಂದು ತಲೆ ಎತ್ತದೆಯೇ ಗೊತ್ತಾಯಿತು. ಅವಳೂ ಹೇಳಲಿಲ್ಲ.

ಡಾಕ್ಟರು ಒತ್ತಾಯ ಮಾಡಲಿಲ್ಲ. ಮುಲಾಮು ಕೊಟ್ಟರು, ಮಗುವಿಗೆ ಬೇರೆ, ಗಂಧಕ ಕಡಿಮೆ ಹಾಕಿದ್ದು. ಮೊದಲು ನೇರಳೆ ಬಣ್ಣದ ನೀರಿನಲ್ಲಿ ಅದರ ಹಕ್ಕಳೆ ನೆನೆಸಿ ತೆಗೆಯಬೇಕು. ಮನೆಯವರೆಲ್ಲ ಒಂದೇ ದಿನ ಬಿಸಿನೀರಲ್ಲಿ ಮಿಂದು ಕತ್ತಿನಿಂದ ಅಂಗಾಲಿನವರೆಗೆ, ಗುಳ್ಳೆ ಇರಲಿ ಬಿಡಲಿ, ಒಂದು ಬೆರಳಗಲ ಜಾಗ ಬಿಡದೆ ಹಚ್ಚಬೇಕು. ಮೂರು ರಾತ್ರಿ. ನಾಲ್ಕನೆಯ ದಿನ ಸ್ನಾನ. ಉಟ್ಟಿದ್ದು, ಹಾಸಿದ್ದು ಎಲ್ಲ ಕುದಿಸಬೇಕು. ಕುದಿಸಲಾಗದ ಕಂಬಳಿಗಳನ್ನು ಹತ್ತು ದಿನ ಯಾರೂ ಮುಟ್ಟದ ಹಾಗೆ ಬೇರೆ ಇಡಬೇಕು, ಮೈಯ ಬಿಸಿ ಇಲ್ಲದೆ ಹುಳ ಬದುಕದು. "ಒಬ್ಬರು ಬಿಟ್ಟರೂ ಮತ್ತೆ ಬರುತ್ತೆ. ಹುಳ ಸತ್ತಮೇಲೂ ಹದಿನೈದು ದಿನ ತುರಿಸುತ್ತೆ, ಗಾಬರಿಯಾಗಿ ಮತ್ತೆ ಮತ್ತೆ ಬಳಿದುಕೋಬೇಡಿ. ಆಕೆ ಮಾತ್ರ ನೀವೆಲ್ಲ ವಾಸಿಯಾಗೋವರೆಗೂ ನಿಮ್ಮ ಹಾಸಿಗೆಗೆ ಬರಬಾರದು." ಬೋರಕ್ಕನಿಗೆ ಬಿಳಿಯ ಮುಲಾಮು ಬೇರೆ ಕೊಟ್ಟರು. ಸೀಗೆ, ಗಂಧಕ ಎರಡೂ ನಿಲ್ಲಿಸಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳಿದರು. ಪೂರ್ತಿ ಹೋಗುವುದಲ್ಲ, ಏಳುತ್ತದೆ ಇಳಿಯುತ್ತದೆ ಎಂದೂ ಹೇಳಿದರು.

ಮನೆಗೆ ಬಂದು ಭಾವ ಎಲ್ಲವನ್ನೂ ಹೇಳಿದರು. ಅತ್ತೆ ಜಗುಲಿಯ ಕಂಬಕ್ಕೆ ಒರಗಿ ಕೇಳಿದರು.

"ಯಾರ್ಗೆ? ನನಗಾ ಕಜ್ಜಿ?"

"ಮನೆಯೋರ್ಗೆಲ್ಲ ಕಣವ್ವ. ಹುಳಾನ ಕಣ್ಣಲ್ಲಿ ನೋಡ್ದೆ. ನಮ್ ಮಾಯಮ್ಮನ ಕೈಯಿಂದ ತೆಗೆದ್ರು," ಎಂದು ನನ್ನನ್ನು ತೋರಿಸಿದರು.

"ನಿನ್ ಹೆಂಡ್ತಿ ಬಿಟ್ಟು ಉಳಿದೋರ್ಗೆಲ್ಲ ಅದೆ ಅಂದ್ನಾ? ಚೆನ್ನಾಗದೆ. ಅದೆಲ್ಲಿಂದ ಬಂತಂತೆ, ಆಕಾಸದಿಂದ ಉದುರ್ತಂತಾ?"

ಹೊನ್ನಯ್ಯನವರು ಒಳಗೆ ನೇಗಿಲ ಮಿಣಿ ಹೊಸೆಯುತ್ತಿದ್ದವರು ಎದ್ದು ಬಂದು ಎರಡೂ ಕೈಯನ್ನು ಅತ್ತೆಯ ಮುಂದೆ ಚಾಚಿದರು.

"ನಾನ್ ತಂದದ್ದು ಕಣವ್ವ."

"ಬಾಯ್ಮುಚ್ಲಾ. ನೀನು ದೇಸಕ್ಕೆ ಅಂತ ಜೈಲಿಗೋಗಿ ಬಂದೋನು."

"ಓಗೋವಾಗ ದೇಸಕ್ಕೆ ಅಂತ್ಲೇ ಓದೆ. ಬರೋವಾಗ ಒಬ್ನೇ ಬರ್ನಿಲ್ಲ ಅಷ್ಟೇಯ. ಅಲ್ಲಿ ನಲವತ್ತು ಜನ ಒತ್ತೊತ್ತಾಗಿ ಮನೀಕತಿದ್ವಿ. ಎಲ್ರಿಗೂ ಇತ್ತು. ನೀರಿನ ದೋಸ ಅಂದ್ಕಂಡಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಇವ್ಳಿಗೇಳಿದ್ನಲ್ಲ ಬಂದ ದಿನವೇ," ಅಂದರು.

ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಬೋರಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ಮಾರನೆಯ ಸಂಜೆ ಹಂಡೆ ಹಂಡೆ ನೀರು ಕಾಯಿಸಿದೆವು. ಗಂಡಸರು ಮಿಂದು ಒಬ್ಬರಿಗೊಬ್ಬರು ಬೆನ್ನಿಗೆ ಹಚ್ಚಿಕೊಂಡರು. ಅತ್ತೆ ಮಾತ್ರ ಕದಲಲಿಲ್ಲ. "ನಂಗೆ ಏನೂ ಇಲ್ಲ," ಎಂದು ಹಟ ಹಿಡಿದರು. ಒಬ್ಬರು ಬಿಟ್ಟರೂ ಮತ್ತೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಮತ್ತೆ ಬಂದರೆ ಯಾರ ತಲೆಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯುಗಾದಿಗೆ ಹದಿನೆಂಟು ದಿನ ಉಳಿದಿತ್ತು.

ಭಾವ ಬಂದು ಅತ್ತೆಯ ಮುಂದೆ ಕೂತರು. "ಅವ್ವಾ, ನೀನು ಅಚ್ಕೊಳ್ದಿದ್ರೆ ನಾನು ಬೋರಿ ಜೊತೆ ಪೂರಿಗಾಲಿಗೋಯ್ತೀನಿ. ಮಗೀನೂ ಕರ್ಕೊಂಡೋಯ್ತೀನಿ." ಅವರು ಅಷ್ಟು ಮಾತಾಡಿದ್ದನ್ನು ನಾನು ಆವತ್ತೇ ಕೇಳಿದ್ದು.

ಅತ್ತೆ ಎದ್ದು ಬಚ್ಚಲಿಗೆ ಹೋದರು. "ಮಾಯಿ ಬರ್ಲಿ. ಇನ್ಯಾರೂ ಬ್ಯಾಡ."

ಬಚ್ಚಲಲ್ಲಿ ಒಲೆಯ ಬೆಳಕು ಮಾತ್ರ ಇತ್ತು. ಅತ್ತೆ ಸೀರೆ ಬಿಚ್ಚಿದರು. ಸೊಂಟದ ಸುತ್ತ, ಎದೆಯ ಕೆಳಗೆ, ತೊಡೆಯ ಒಳಗೆ ಉಗುರಿನ ಗೀರು ಗೀರಾಗಿ, ಹಳೆಯ ಗಾಯದ ಮೇಲೆ ಹೊಸ ಗಾಯ. ಸಂಕ್ರಾಂತಿಯಿಂದ ಒಂದು ರಾತ್ರಿಯೂ ಅವರು ನಿದ್ದೆ ಮಾಡಿರಲಾರರು. ಯಾರಿಗೂ ಹೇಳಿರಲಿಲ್ಲ. ಮುಲಾಮು ಹಚ್ಚುವಾಗ ಅವರು ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಆಚೆ ಯೋಳ್ಬ್ಯಾಡ," ಅಂದರು.

"ಇಲ್ಲ ಅತ್ತೆ."

ಮೂರು ರಾತ್ರಿ ಮನೆಯೆಲ್ಲ ಗಂಧಕದ ನಾತ. ನಾಲ್ಕನೆಯ ದಿನ ಮಿಂದೆವು. ಬಟ್ಟೆಗಳನ್ನು ಕುದಿಸಿ ಬೇಲಿ ತುಂಬ ಹರವಿದೆವು. ಕಂಬಳಿಗಳನ್ನು ಹಗ್ಗ ಕಟ್ಟಿ ಅಟ್ಟಕ್ಕೆ ಎಸೆದು, ಗೋಣಿ ಹೊದ್ದು ಮಲಗಿದೆವು. ತುರಿಕೆ ಹೋಗಲಿಲ್ಲ. ಐದು ದಿನ, ಏಳು ದಿನ. ಅತ್ತೆ ಬೆಳಗಾದರೆ ಕೇಳುತ್ತಿದ್ದರು, "ಎಲ್ಲೋಯ್ತು ನಿಮ್ ಡಾಕ್ಟ್ರ ಮಾತು?" ಭಾವ ಒಂದೇ ಉತ್ತರ ಕೊಡುತ್ತಿದ್ದರು. "ಹದಿನೈದ್ ದಿನ ಅಂದವ್ರೆ. ಆಗ್ಲಿ."

ಬೋರಕ್ಕ ಕೊಟ್ಟಿಗೆಯಲ್ಲೇ ಇದ್ದಳು. ಈಗ ಅವಳು ನಮ್ಮಿಂದ ದೂರ ಇರಬೇಕಾಗಿತ್ತು. ಅವಳ ಕತ್ತು ಆರಿ, ಸಿಪ್ಪೆ ಎದ್ದು, ಮೊದಲಿನ ಕಪ್ಪಿಗೆ ಬಂತು. ಊಟ ಕೊಡಲು ಹೋದರೆ ಅವಳು ಗಂಗಳವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. "ಅಲ್ಲೇ ಮಡಗು" ಅನ್ನುತ್ತಿದ್ದಳು.

ಹನ್ನೊಂದನೆಯದೋ ಹನ್ನೆರಡನೆಯದೋ ದಿನ ಬೆಳಗ್ಗೆ ಎದ್ದಾಗ ಬಿಸಿಲು ಬಂದಿತ್ತು. ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಗು ನನ್ನ ತೋಳಿನ ಮೇಲೆ ಕೈ ಕಾಲು ಚೆಲ್ಲಿ, ಒಂದು ಸಲವೂ ಮಿಸುಕದೆ ಮಲಗಿತ್ತು. ನಾನು ಎದ್ದು ಕೂತು ಅದನ್ನೇ ನೋಡಿದೆ. ಇನ್ನು ಇಟ್ಟುಕೊಳ್ಳಲು ನನಗೆ ಕಾರಣ ಉಳಿದಿರಲಿಲ್ಲ.

ಯುಗಾದಿ ಬಂತು, ಹೋಯಿತು. ಪೂರಿಗಾಲಿಯ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ಬೋರಕ್ಕನನ್ನು ಕರೆದು ತಪ್ಪಾಯಿತು ಎಂದೇನೂ ಹೇಳಲಿಲ್ಲ. ಹಬ್ಬದ ಮಾರನೆಯ ದಿನ ಹಿಟ್ಟಿನ ಕೋಲನ್ನು ಹೊಸ್ತಿಲ ಮೇಲೆ ಇಟ್ಟು ಹೊಲಕ್ಕೆ ಹೋದರು. ಬೋರಕ್ಕ ಬಂದು ಅದನ್ನು ತೊಳೆದು ಮುದ್ದೆ ತಿರುವಿದಳು.

ಮಗು ಅವಳ ಹತ್ತಿರ ಹೋಗಲಿಲ್ಲ. ಅವಳೂ ಕರೆಯಲಿಲ್ಲ. ಅಡುಗೆ ಮನೆಯಲ್ಲಿ ಅವಳಿದ್ದರೆ ಅವನು ನನ್ನ ಸೀರೆ ಹಿಡಿದು ಬಾಗಿಲಾಚೆ ನಿಲ್ಲುತ್ತಿದ್ದ. ಒಂದು ದಿನ ಮಧ್ಯಾಹ್ನ ಅವನಿಗೆ ನಿದ್ದೆ ಹತ್ತಿದ ಮೇಲೆ ಎತ್ತಿಕೊಂಡು ಹೋಗಿ, ಕೊಟ್ಟಿಗೆಯ ಪಕ್ಕ ಮಲಗಿದ್ದ ಅವಳ ಮಗ್ಗುಲಿಗೆ ಹಾಕಿದೆ. ಅವಳು ಎದ್ದು ಕೂರಲಿಲ್ಲ. ಕೈಯನ್ನು ಅವನಿಗೆ ತಾಗದ ಹಾಗೆ, ಆದರೆ ಅವನ ಸುತ್ತಲೂ ಇಟ್ಟಳು. ಅವನು ಎಚ್ಚರವಾಗಿ ಅವಳನ್ನು ನೋಡಿ ಅತ್ತ. ನಾನು ಎತ್ತಿಕೊಳ್ಳಲು ಹೋಗಲಿಲ್ಲ. ಗೋಡೆಯ ಮರೆಯಲ್ಲಿ ನಿಂತಿದ್ದೆ. ಬಹಳ ಹೊತ್ತು ಅತ್ತ. ಅವಳು ಎತ್ತಿಕೊಳ್ಳದೆ, ಸಮಾಧಾನ ಮಾಡದೆ, ಗಂಟಲಲ್ಲೇ ಗುನುಗುತ್ತಾ ಮಲಗಿದ್ದಳು. ಕೊನೆಗೆ ಅಳು ನಿಂತಿತು.

ಮಾರನೆಯ ದಿನವೂ ಹಾಗೇ ಮಾಡಿದೆ. ಮೂರನೆಯ ವಾರಕ್ಕೆ ಅವನು ತಾನಾಗಿಯೇ ಚಾಪೆ ಎಳೆದುಕೊಂಡು ಅತ್ತ ಹೋದ. ಆ ರಾತ್ರಿ ನನ್ನ ಹಾಸಿಗೆ ಅಗಲವಾಗಿತ್ತು. ಹೊನ್ನಯ್ಯನವರು ಹೊಸ ಚಳವಳಿ ಎಂದು ಆಗಲೇ ಊರು ಬಿಟ್ಟಿದ್ದರು.

ಬೋರಕ್ಕ ಮತ್ತೆ ಒಳಮನೆಗೆ ಮಲಗಲು ಬರಲಿಲ್ಲ. ಭಾವ ಆ ಹುಲ್ಲಿನ ಜಾಗಕ್ಕೆ ಗೋಡೆ ಎತ್ತಿಸಿ ಕೋಣೆ ಮಾಡಿಕೊಟ್ಟರು. ನನಗೆ ಮಕ್ಕಳಾಗಲಿಲ್ಲ. ಪುಟ್ಟರಾಜ ನನ್ನನ್ನು ಚಿಕ್ಕವ್ವ ಎಂದೇ ಕರೆದ, ಈಗ ಅನ್ನ ಹಾಕುತ್ತಿರುವವನೂ ಅವನೇ. ಬೋರಕ್ಕ ಹೋಗಿ ಹನ್ನೆರಡು ವರ್ಷವಾಯಿತು. ಕೊನೆಯ ಚಳಿಗಾಲದಲ್ಲಿ ಅವಳ ಮೊಣಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದುದು ನಾನು. ಕೈ ಚಾಚಿ ಸುಮ್ಮನೆ ಕೂರುತ್ತಿದ್ದಳು. ಹೊನ್ನಯ್ಯ ಹೇಳಿದ್ದು ನಿನಗೆ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಒಂದು ದಿನ ಕೇಳುತ್ತಾಳೆ ಅಂದುಕೊಂಡಿದ್ದೆ. ನಲವತ್ತು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೆವು. ಅವಳು ಕೇಳಲಿಲ್ಲ.